ನೈಟ್ ಡ್ಯೂಟಿಯಲ್ಲಿ ವಾಚ್ ದಿನಾ 85 ತೋರಿಸುತ್ತಿದೆ, ಯಾಕೆ?

ಸುಮಿತ್ರಾ, ಡೊಂಬಿವಿಲಿ (ಭಾನುವಾರ ಸಂಜೆ)

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರು ಕಾರ್ಕಳದ ಹತ್ತಿರ. ವಯಸ್ಸು 41. ಮೆಡಿಕಲ್ ವಾರ್ಡ್, ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ. ತಿಂಗಳಲ್ಲಿ ಎರಡು ವಾರ ನೈಟ್ ಇರುತ್ತದೆ.

ಚೌತಿಗೆ ತಮ್ಮ ಒಂದು ಸ್ಮಾರ್ಟ್ ವಾಚ್ ಕೊಡಿಸಿದ. ಅದರಲ್ಲಿ ರಕ್ತದ ಆಕ್ಸಿಜನ್ ಸ್ಯಾಚುರೇಷನ್ ತಾನಾಗಿಯೇ ನೋಡುವ ವ್ಯವಸ್ಥೆ ಇದೆ. ಡೇ ಡ್ಯೂಟಿ ಇದ್ದಾಗ, ರಾತ್ರಿ ಮನೆಯಲ್ಲಿ ಮಲಗಿದರೆ 95, 96, 97 ಹೀಗೆ ಬರುತ್ತದೆ. ನೈಟ್ ಶುರುವಾದ ಮೇಲೆ ನೋಡಿದರೆ ರಾತ್ರಿಯ ಸರಾಸರಿ 85! ಒಳಗೆ ಹೋಗಿ ನೋಡಿದೆ. 3:42ಕ್ಕೆ 85, 3:55ಕ್ಕೆ 84, 4:08ಕ್ಕೆ 85. ಮರುದಿನ ಮತ್ತೆ 85, 86, 85. ಎಂಟು ರಾತ್ರಿ ಹೀಗೇ ಆಗಿದೆ. ಇನ್ನೊಂದು, ಬೆಳಿಗ್ಗೆ 5 ಗಂಟೆ ಹೊತ್ತಿಗೆ ಪಲ್ಸ್ 118, 120 ತೋರಿಸುತ್ತದೆ. ನನಗೆ ಏನೂ ಆಯಾಸ ಇಲ್ಲ, ಉಬ್ಬಸ ಇಲ್ಲ.

ಪೇಶೆಂಟಿಗೆ 85 ಬಂದರೆ ನಾನು ಓಡಿ ಹೋಗಿ ಆಕ್ಸಿಜನ್ ಹಾಕಿ ಡಾಕ್ಟರಿಗೆ ಫೋನ್ ಮಾಡುವವಳು. ನನ್ನದೇ ಕೈಯಲ್ಲಿ 85 ನೋಡಿ ಸುಮ್ನೆ ಕೂರುವುದು ಹೇಗೆ? ಯಾರಿಗಾದರೂ ಹೀಗೆ ಆಗಿದೆಯಾ?

ಪ್ರಕಾಶ, ಠಾಣೆ

ಸುಮಿತ್ರಕ್ಕಾ, ನಾನು ದಿನಾ ಬೆಳಿಗ್ಗೆ ಓಡುತ್ತೇನೆ, ಐದು ವರ್ಷದಿಂದ ವಾಚ್ ಕಟ್ಟುತ್ತಿದ್ದೇನೆ. ಇದು ಹೆಜ್ಜೆಯ ಆಟ. ಕೈ ಬೀಸಿ ನಡೆಯುವಾಗ ವಾಚ್ ನಿಮ್ಮ ನಾಡಿಯನ್ನು ಬಿಟ್ಟು ಹೆಜ್ಜೆಯನ್ನೇ ಎಣಿಸಲು ಶುರು ಮಾಡುತ್ತದೆ. ಬಿರುಸಾಗಿ ನಡೆದರೆ ನಿಮಿಷಕ್ಕೆ ಸುಮಾರು 115, 120 ಹೆಜ್ಜೆ. ನಿಮ್ಮ ಪಲ್ಸ್ 118 ಬಂತಲ್ವಾ, ಅದು ಹೆಜ್ಜೆ. 85 ಕೂಡ ಅದರಿಂದಲೇ. ಪಟ್ಟಿ ಸಡಿಲ ಇರಬೇಕು. ಒಂದು ತೂತು ಬಿಗಿ ಮಾಡಿ, ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಕಟ್ಟಿ. ಎಲ್ಲಾ ಸರಿ ಹೋಗುತ್ತದೆ.

ವಸಂತಾ, ಮಡಗಾಂವ್

ಅಕ್ಕಾ, ಇದನ್ನು ಹಗುರವಾಗಿ ತಗೋಬೇಡಿ. ನಮ್ಮ ಯಜಮಾನರಿಗೂ ರಾತ್ರಿ ಆಕ್ಸಿಜನ್ ಇಳಿಯುತ್ತಿತ್ತು. ಗೊರಕೆ ಅಂದರೆ ಪಕ್ಕದ ಮನೆಗೂ ಕೇಳಬೇಕು, ಅಷ್ಟು. ಮಧ್ಯೆ ಉಸಿರು ನಿಂತು, ಆಮೇಲೆ ದೊಡ್ಡದಾಗಿ ಎಳೆದುಕೊಳ್ಳುತ್ತಿದ್ದರು. ಸ್ಲೀಪ್ ಟೆಸ್ಟ್ ಮಾಡಿಸಿದೆವು. ಈಗ ಮೂಗಿಗೆ ಮಾಸ್ಕ್ ಇರುವ ಮಿಷಿನ್ ಹಾಕಿ ಮಲಗುತ್ತಾರೆ. ಮೊದಲಿನ ಹಾಗೆ ಹಗಲು ತೂಕಡಿಸುವುದಿಲ್ಲ. ನಿಮಗೂ ಅದೇ ಇರಬಹುದು. ನೀವು ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ?

ಸುಮಿತ್ರಾ, ಡೊಂಬಿವಿಲಿ

ವಸಂತಕ್ಕಾ, ನೈಟ್ ಇದ್ದಾಗ ರಾತ್ರಿ ಮಲಗುವುದಿಲ್ಲ. ಮಲಗುವುದು ಬೆಳಿಗ್ಗೆ. ಹ್ಯಾಂಡೋವರ್ ಮುಗಿಸಿ ಟ್ರೇನ್ ಹಿಡಿದು ಮನೆ ಸೇರುವಾಗ ಒಂಬತ್ತೂವರೆ ಆಗುತ್ತದೆ. ಹತ್ತೂವರೆಯಿಂದ ನಾಲ್ಕರ ತನಕ ನಿದ್ದೆ. ರಾತ್ರಿ ಸಿಗುವುದು ಮೂರೂವರೆಯಿಂದ ನಾಲ್ಕೂಕಾಲರ ಬ್ರೇಕ್ ಮಾತ್ರ. ಜೊತೆಯವಳು ವಾರ್ಡ್ ನೋಡುತ್ತಾಳೆ, ನಾನು ಡ್ರೆಸಿಂಗ್ ರೂಮಿನ ಮೇಜಿಗೆ ತಲೆ ಕೊಟ್ಟು ಕಣ್ಣು ಮುಚ್ಚುತ್ತೇನೆ.

ಪ್ರಕಾಶ್, 5 ಗಂಟೆಯ ಮಾತು ಸರಿ ಅನ್ನಿಸುತ್ತದೆ. ಅದು ನಮ್ಮ ರೌಂಡಿನ ಹೊತ್ತು. ಟೆಂಪರೇಚರ್, ಬಿಪಿ, ಶುಗರ್, ಇಂಜೆಕ್ಷನ್ ಎಲ್ಲ ಆಗಲೇ. ಆದರೆ 3:42ಕ್ಕೆ ನಾನು ಒಂದು ಹೆಜ್ಜೆಯೂ ಇಡುತ್ತಿರುವುದಿಲ್ಲ. ಹೆಜ್ಜೆಯಿಂದ 85 ಹೇಗೆ ಬರುತ್ತದೆ?

ಶಾಂತಿ, ವಾಸ್ಕೋ

ಸಿಸ್ಟರ್, ನಾನೂ ನರ್ಸ್. ನಮ್ಮ ಐಸಿಯುನಲ್ಲಿ ಮೊಣಕೈ ಕೆಳಗೆ ಏನೂ ಹಾಕುವ ಹಾಗಿಲ್ಲ, ವಾಚೂ ಇಲ್ಲ, ಬಳೆಯೂ ಇಲ್ಲ. ನಿಮ್ಮ ವಾರ್ಡಿನಲ್ಲಿ ಬಿಡುತ್ತಾರಾ?

ಮತ್ತೊಂದು. ಏನು ಮಾಡಿದರೂ 85ರಲ್ಲೇ ನಿಂತಿದೆ ಅಂದರೆ ನನಗೆ ಮೊದಲು ನೆನಪಾಗುವುದು ಆಕ್ಸಿಜನ್ ಹೊರಲಾರದ ಹಿಮೋಗ್ಲೋಬಿನ್, ಅಂದರೆ ಮೆಟ್‌ಹಿಮೋಗ್ಲೋಬಿನ್. ಡ್ಯಾಪ್ಸೋನ್ ಮಾತ್ರೆ ತಗೊಳ್ಳುವ ಒಬ್ಬ ಪೇಶೆಂಟಲ್ಲಿ ನೋಡಿದ್ದೆ. ಆಕ್ಸಿಜನ್ ಎಷ್ಟು ಕೊಟ್ಟರೂ ಬೆರಳಿನ ಪ್ರೋಬ್ 85, 86 ಬಿಟ್ಟು ಮೇಲೆ ಹೋಗಲಿಲ್ಲ. ನೀವು ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ?

ಗಿರೀಶ, ಪುಣೆ

ನಾನು ಬಯೋಮೆಡಿಕಲ್ ಎಂಜಿನಿಯರ್. ಹದಿನಾರು ವರ್ಷದಿಂದ ಆಸ್ಪತ್ರೆಗಳ ಮಾನಿಟರ್ ರಿಪೇರಿ ಮಾಡುವುದೇ ಕೆಲಸ. ಶಾಂತಿ ಸಿಸ್ಟರ್ ಬಹಳ ಒಳ್ಳೆಯ ಸುಳಿವು ಕೊಟ್ಟಿದ್ದಾರೆ. 85 ಎಂಬ ಆ ನಂಬರಿಗೇ ಒಂದು ಅರ್ಥ ಇದೆ.

ಸ್ಯಾಚುರೇಷನ್ ನೋಡುವ ಯಾವ ಯಂತ್ರವೂ ಆಕ್ಸಿಜನ್ನನ್ನು ನೇರವಾಗಿ ಅಳೆಯುವುದಿಲ್ಲ. ಕೆಂಪು ಬೆಳಕು ಒಂದು, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಒಂದು, ಎರಡನ್ನೂ ಚರ್ಮದೊಳಗೆ ಬಿಡುತ್ತದೆ. ನಾಡಿ ಬಡಿದಾಗಲೆಲ್ಲ ಎರಡೂ ಬೆಳಕು ಸ್ವಲ್ಪ ಏರಿಳಿಯುತ್ತವೆ. ಕೆಂಪು ಎಷ್ಟು ಏರಿಳಿಯಿತು, ಇನ್ಫ್ರಾರೆಡ್ ಎಷ್ಟು ಏರಿಳಿಯಿತು, ಒಂದನ್ನು ಇನ್ನೊಂದರಿಂದ ಭಾಗಿಸುತ್ತದೆ. ಆ ಭಾಗಲಬ್ಧವೇ R. ಪಠ್ಯಗಳಲ್ಲಿ ಕೊಡುವ ಸರಳ ಲೆಕ್ಕ ಹೀಗಿದೆ, SpO2 ಅಂದರೆ ಯಂತ್ರ ತೋರಿಸುವ ಸ್ಯಾಚುರೇಷನ್:

```
SpO2 = 110 - 25 × R
```

ಪ್ರತಿ ಕಂಪನಿಯ ಯಂತ್ರದಲ್ಲಿ ಅವರದೇ ಲೆಕ್ಕದ ಪಟ್ಟಿ ಇರುತ್ತದೆ, ಆದರೆ ಅಂದಾಜಿಗೆ ಇದು ಸಾಕು. R ಅರ್ಧ ಇದ್ದರೆ 97.5, ಅಂದರೆ ಆರೋಗ್ಯವಂತರು. R ಒಂದು ಆದರೆ? 110ರಲ್ಲಿ 25 ಹೋದರೆ 85.

ಈಗ ಯೋಚನೆ ಮಾಡಿ. ನಾಡಿಯ ಸಿಗ್ನಲ್ ಸಿಗದೆ, ಬೇರೆ ಯಾವುದೋ ಅಲುಗಾಟ ಎರಡೂ ಬೆಳಕನ್ನು ಒಂದೇ ಸಮ ಕುಲುಕಿದರೆ ಏನಾಗುತ್ತದೆ? ಮೇಲಿನದೂ ಕೆಳಗಿನದೂ ಸಮ, R ಒಂದು, ಪರದೆಯ ಮೇಲೆ 85. ಮೆಟ್‌ಹಿಮೋಗ್ಲೋಬಿನ್ನಿನಲ್ಲೂ ಅದೇ, ಅದು ಎರಡೂ ಬೆಳಕನ್ನು ಹೆಚ್ಚುಕಮ್ಮಿ ಒಂದೇ ಸಮ ಹೀರುತ್ತದೆ. ನಡುಗುವ ಪೇಶೆಂಟಿನ ಬೆರಳಿಗೆ ಪ್ರೋಬ್ ಹಾಕಿದಾಗ 85ರ ಸುತ್ತ ಹೊಯ್ದಾಡುವುದನ್ನು ನೀವೂ ನೋಡಿರುತ್ತೀರಿ.

ಹಾಗಾಗಿ ನನ್ನ ಅನುಮಾನ, ಆ ಹೊತ್ತಿಗೆ ನಿಮ್ಮ ವಾಚಿಗೆ ನಾಡಿಯೇ ಸಿಗುತ್ತಿಲ್ಲ. ಒಂದು ಪ್ರಶ್ನೆ. ಮೇಜಿಗೆ ತಲೆ ಕೊಡುವಾಗ ಯಾವ ಕೈ ಮೇಲೆ ಕೊಡುತ್ತೀರಿ? ವಾಚ್ ಯಾವ ಕೈಯಲ್ಲಿದೆ?

ಸುಮಿತ್ರಾ, ಡೊಂಬಿವಿಲಿ (ಸೋಮವಾರ ಬೆಳಿಗ್ಗೆ)

ಗಿರೀಶಣ್ಣಾ, ನಿಮ್ಮ ಪ್ರಶ್ನೆ ಓದಿ ರಾತ್ರಿ ಗಮನ ಕೊಟ್ಟೆ. ಎಡಗೈ ಮಡಚಿ, ಅದರ ಮೇಲೆ ಹಣೆ ಇಡುತ್ತೇನೆ. ವಾಚ್ ಎಡಗೈಯಲ್ಲೇ! ಎದ್ದಾಗ ಬೆರಳು ಜೋಮು ಹಿಡಿದಿತ್ತು. ಮಣಿಕಟ್ಟಿನಲ್ಲಿ ವಾಚಿನ ಅಂಚು ಕೆಂಪಗೆ ಗುಂಡಗೆ ಮೂಡಿತ್ತು. ಇಷ್ಟು ದಿನ ನೋಡಿಯೂ ನೋಡಿರಲಿಲ್ಲ.

ಬಿಪಿ ಕಫ್ ಕಟ್ಟಿದ ಕೈಗೇ ಪ್ರೋಬ್ ಹಾಕಿದರೆ ಕಫ್ ಉಬ್ಬಿದಾಗ ಸ್ಯಾಚುರೇಷನ್ ಬಿದ್ದು ಅಲಾರಂ ಕೂಗುತ್ತದಲ್ವಾ? ಹೊಸದಾಗಿ ಸೇರುವ ಹುಡುಗಿಯರಿಗೆ ಇದನ್ನು ನಾನೇ ಹೇಳಿಕೊಡುತ್ತೇನೆ, ಕಫ್ ಒಂದು ಕೈಗೆ, ಪ್ರೋಬ್ ಇನ್ನೊಂದು ಕೈಗೆ ಅಂತ. ಇದೂ ಅದೇನಾ?

ಶಾಂತಿ ಸಿಸ್ಟರ್, ಜನರಲ್ ವಾರ್ಡಿನಲ್ಲಿ ಕಡ್ಡಾಯ ಇಲ್ಲ. ಡ್ರೆಸಿಂಗ್, ಕ್ಯಾನುಲಾ ಇದ್ದಾಗ ತೆಗೆದು ಜೇಬಿಗೆ ಹಾಕುತ್ತೇನೆ. ಮಾತ್ರೆ ಯಾವುದೂ ಇಲ್ಲ, ಕಬ್ಬಿಣದ ಮಾತ್ರೆ ಬಿಟ್ಟರೆ.

ಗಿರೀಶ, ಪುಣೆ

ಬಹುಮಟ್ಟಿಗೆ ಅದೇ. ತಲೆಯ ಭಾರ ಕೈ ಮೇಲೆ ಬಿದ್ದಾಗ ವಾಚಿನ ಕೆಳಗಿನ ಸಣ್ಣ ರಕ್ತನಾಳಗಳು ಅದುಮಿ ಹೋಗುತ್ತವೆ. ನಾಡಿಯ ಏರಿಳಿತ ತೀರಾ ಚಿಕ್ಕದಾಗುತ್ತದೆ. ಉಳಿಯುವುದು ಉಸಿರಾಡುವಾಗ ತಲೆ ಏರಿ ಇಳಿದ ಅಲುಗಾಟ, ವಾಪಸ್ ಹೋಗಲಾಗದೆ ನಿಂತ ರಕ್ತದ ತೂಗಾಟ. ಮಣಿಕಟ್ಟು ಮೊದಲೇ ಕಷ್ಟದ ಜಾಗ. ಬೆರಳಿನ ಪ್ರೋಬಿನಲ್ಲಿ ಬೆಳಕು ಈ ಕಡೆಯಿಂದ ಆ ಕಡೆಗೆ ದಾಟುತ್ತದೆ. ವಾಚಿನಲ್ಲಿ ಹಾಗಲ್ಲ. ಒಳಗೆ ಹೋಗಿ ಅದೇ ಬದಿಗೆ ತಿರುಗಿ ಬಂದ ಒಂದಿಷ್ಟು ಬೆಳಕನ್ನು ಮಾತ್ರ ಅದು ಹಿಡಿಯುತ್ತದೆ.

ಇನ್ನು ಸರಾಸರಿ 85 ಯಾಕೆ ಅಂದರೆ, ಇಂತಹ ಹೆಚ್ಚಿನ ವಾಚುಗಳು ನೀವು ಅಲುಗಾಡದೆ ಇದ್ದಾಗ ಮಾತ್ರ ತಾವಾಗಿ ಸ್ಯಾಚುರೇಷನ್ ನೋಡುತ್ತವೆ. ರಾತ್ರಿಯಿಡೀ ನೀವು ಓಡಾಡುತ್ತೀರಿ. ಅಲುಗಾಡದೆ ಇರುವುದು ಆ ಮುಕ್ಕಾಲು ಗಂಟೆ ಮಾತ್ರ. ಇಡೀ ರಾತ್ರಿಗೆ ಸಿಗುವುದು ಮೂರೋ ನಾಲ್ಕೋ ಅಳತೆ, ಅಷ್ಟೂ ಅದುಮಿದ ಕೈಯಲ್ಲಿ. ಆ ಮೂರರ ಸರಾಸರಿಗೆ ಆ್ಯಪ್ ರಾತ್ರಿಯ ಸರಾಸರಿ ಅಂತ ಹೆಸರು ಕೊಡುತ್ತದೆ.

ಆದರೆ ನನ್ನ ಮಾತನ್ನು ಹಾಗೇ ನಂಬಬೇಡಿ, ಪರೀಕ್ಷೆ ಮಾಡಿ. ಮೂರು ರಾತ್ರಿ ಸಾಕು. ಮೊದಲ ರಾತ್ರಿ ಎಂದಿನ ಹಾಗೇ ಮಲಗಿ, ಬಲಗೈ ಬೆರಳಿಗೆ ಒಂದು ಬೆರಳಿನ ಆಕ್ಸಿಮೀಟರ್ ಹಾಕಿ. ಎರಡನೇ ರಾತ್ರಿ ಮಲಗುವ ರೀತಿ ಅದೇ ಇರಲಿ, ವಾಚನ್ನು ಮಾತ್ರ ಬಲಗೈಗೆ ಬದಲಾಯಿಸಿ. ಮೂರನೇ ರಾತ್ರಿ ವಾಚ್ ಎಡಗೈಯಲ್ಲೇ, ಆದರೆ ಕುರ್ಚಿಗೆ ಒರಗಿ, ಕೈ ಮಡಿಲಲ್ಲಿ ಬಿಟ್ಟು ಕೂರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಪ್ರಕಾಶ, ಠಾಣೆ

ಗಿರೀಶ್ ಸರ್, ಎಸಿಯ ತಣ್ಣಗಿನ ಗಾಳಿಯೂ ಕಾರಣ ಆಗಬಹುದಲ್ವಾ? ಕೈ ತಣ್ಣಗಾದರೆ ರಕ್ತ ಕಮ್ಮಿ ಬರುತ್ತದೆ. ಆಮೇಲೆ ನಮ್ಮ ಚರ್ಮದ ಬಣ್ಣ. ಕಪ್ಪು ಚರ್ಮಕ್ಕೆ ಈ ಯಂತ್ರಗಳು ತಪ್ಪು ಹೇಳುತ್ತವೆ ಅಂತ ಓದಿದ್ದೆ.

ಗಿರೀಶ, ಪುಣೆ

ತಣ್ಣಗಿನ ಕೈ ಖಂಡಿತ ಕಾರಣ ಆಗಬಹುದು. ಆದರೆ ಎಸಿ ಎಂಟೂ ರಾತ್ರಿ ಒಂದೇ ನಂಬರಿಗೆ ತಂದು ನಿಲ್ಲಿಸುವುದು ಕಷ್ಟ. ಚರ್ಮದ ಬಣ್ಣದ ಮಾತು ನಿಜ, ದಿಕ್ಕು ಮಾತ್ರ ಉಲ್ಟಾ. 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ಲೆಕ್ಕ ತೆಗೆದು ನೋಡಿದಾಗ, ಕಪ್ಪು ವರ್ಣದವರಲ್ಲಿ ರಕ್ತದ ಆಕ್ಸಿಜನ್ ಕಮ್ಮಿ ಇದ್ದರೂ ಬೆರಳಿನ ಪ್ರೋಬ್ ಚೆನ್ನಾಗಿದೆ ಎಂದು ತೋರಿಸಿದ್ದು ಜಾಸ್ತಿ. ಅಂದರೆ ಅಲ್ಲಿ ತಪ್ಪು ಮೇಲಕ್ಕೆ ಹೋಗುತ್ತದೆ. ಸುಮಿತ್ರಾ ಅವರದು ಕೆಳಕ್ಕೆ ಬಂದಿದೆ.

ಸುಮಿತ್ರಾ, ಡೊಂಬಿವಿಲಿ (ಗುರುವಾರ ಸಂಜೆ)

ಮೂರು ರಾತ್ರಿಯೂ ಮುಗಿಯಿತು. ಕೊರೋನಾ ಸಮಯದಲ್ಲಿ ತಗೊಂಡ ಬೆರಳಿನ ಆಕ್ಸಿಮೀಟರ್ ಮನೆಯಲ್ಲಿತ್ತು. ಮೊದಲು ವಾರ್ಡಿನ ಮಾನಿಟರ್ ಜೊತೆ ಹೋಲಿಸಿ ನೋಡಿದೆ, ಎರಡೂ 98 ಹೇಳಿದವು. ಆಮೇಲೆ ಶುರು ಮಾಡಿದೆ.

ಮೊದಲ ರಾತ್ರಿ ಎಡಗೈ ಮೇಲೆ ತಲೆ, ಎಡಗೈಯಲ್ಲಿ ವಾಚ್, ಬಲಗೈ ತೋರುಬೆರಳಿಗೆ ಆಕ್ಸಿಮೀಟರ್. ನಮ್ಮ ವಾರ್ಡಿನ ಆಯಾ, ನಾವು ಮಾವಶಿ ಅನ್ನುವವರು, ಪಕ್ಕದಲ್ಲಿ ಕೂತು ಐದೈದು ನಿಮಿಷಕ್ಕೆ ಚೀಟಿಯಲ್ಲಿ ಬರೆದರು. ಪಾಪ, ಅವರ ಬ್ರೇಕನ್ನೂ ನನಗೆ ಕೊಟ್ಟರು. ಚೀಟಿಯಲ್ಲಿ 97, 98, 97, 97, 98. ಅದೇ ಹೊತ್ತಿನಲ್ಲಿ ವಾಚ್ 85, 86, 84.

ಎರಡನೇ ರಾತ್ರಿ ಹಾಗೇ ಮಲಗಿದೆ, ವಾಚ್ ಬಲಗೈಗೆ ಬಂತು. ವಾಚ್ 96, 97, 96! ಹೊರಗೆ ಬಂದು ಮಾವಶಿಗೆ ತೋರಿಸಿದೆ. "ಬರಂ ಝಾಲಂ, ಸಿಸ್ಟರ್" ಅಂದರು, ಒಳ್ಳೆಯದಾಯಿತು ಅಂತ.

ಮೂರನೇ ರಾತ್ರಿ ವಾಚ್ ಮತ್ತೆ ಎಡಗೈಗೆ, ಕುರ್ಚಿಗೆ ಒರಗಿ ಕೂತೆ. ನಿದ್ದೆ ಸರಿಯಾಗಿ ಬರಲಿಲ್ಲ. ವಾಚ್ 96, 95, ಒಂದು ಸಲ ಏನೂ ಬರಲಿಲ್ಲ, ಬರೀ ಗೆರೆ.

5 ಗಂಟೆಯ ಪಲ್ಸೂ ನೋಡಿದೆ. ಕಾರಿಡಾರಿನ ಕೊನೆಯ ಬೆಡ್ ತನಕ ಬಿರಬಿರನೆ ನಡೆದು ನಿಂತ ಕೂಡಲೇ ವಾಚ್ 119 ಅಂದಿತು. ಕುತ್ತಿಗೆ ಮುಟ್ಟಿ ಎಣಿಸಿದರೆ 92. ಪ್ರಕಾಶ್, ಇದರಲ್ಲಿ ನೀವು ಹೇಳಿದ್ದೇ ಸರಿ.

ಪ್ರಕಾಶ, ಠಾಣೆ

ಅರ್ಧ ಸರಿ ಆದದ್ದೂ ಖುಷಿಯೇ ಅಕ್ಕಾ. 85ರ ವಿಷಯ ನನಗೆ ಹೊಸದು. ಒಂದು ಸಂದೇಹ ಉಳಿಯಿತು. ಇನ್ನು ಮುಂದೆ ಯಾವ ಯಂತ್ರದಲ್ಲಿ 85 ಬಂದರೂ ಸುಳ್ಳು ಅಂತ ತಿಳಿಯಬಹುದಾ?

ಶಾಂತಿ, ವಾಸ್ಕೋ

ಅಯ್ಯೋ, ದಯವಿಟ್ಟು ಹಾಗೆ ತಿಳಿಯಬೇಡಿ. ನ್ಯುಮೋನಿಯಾ ಆದವರಿಗೆ ನಿಜವಾಗಿಯೂ 85 ಇರುತ್ತದೆ. ನಾವು ಮೊದಲು ಪೇಶೆಂಟಿನ ಮುಖ ನೋಡುತ್ತೇವೆ, ತುಟಿಯ ಬಣ್ಣ, ಉಸಿರಿನ ವೇಗ. ಆಮೇಲೆ ಮಾನಿಟರಿನ ಅಲೆ ನೋಡುತ್ತೇವೆ. ಅಲೆ ಚೆನ್ನಾಗಿ ಎದ್ದು, ಪ್ರೋಬಿನ ಪಲ್ಸೂ ಇಸಿಜಿಯ ಪಲ್ಸೂ ಒಂದೇ ಇದ್ದು 85 ಬಂದರೆ ಅದನ್ನು ನಂಬಲೇಬೇಕು. ಅಲೆ ಚಪ್ಪಟೆ ಇದ್ದರೆ ಬೇರೆ ಬೆರಳಿಗೆ ಹಾಕಿ ನೋಡುತ್ತೇವೆ. ನಿಮ್ಮ ವಾಚಲ್ಲಿ ಅಲೆ ಕಾಣುವುದಿಲ್ಲ, ತೊಂದರೆ ಇರುವುದು ಅಲ್ಲೇ.

ಸುಮಿತ್ರಾ ಸಿಸ್ಟರ್, ನನ್ನ ಮೆಟ್‌ಹಿಮೋಗ್ಲೋಬಿನ್ ಅನುಮಾನವನ್ನೂ ಬಿಟ್ಟುಬಿಡಿ. ಅದಿದ್ದರೆ ಬಲಗೈ ಬೆರಳಲ್ಲೂ 85 ಬರಬೇಕಿತ್ತು.

ಸುಮಿತ್ರಾ, ಡೊಂಬಿವಿಲಿ

ಹೌದು ಸಿಸ್ಟರ್. ಆದರೆ ಇನ್ನೊಂದು ವಿಷಯ ಇದೆ, ಮೊದಲು ಹೇಳಿರಲಿಲ್ಲ. ಈ ಪರೀಕ್ಷೆ ಮಾಡುವಾಗ ಹಳೆಯದನ್ನೆಲ್ಲ ತೆಗೆದು ನೋಡಿದೆ. ಹಗಲು ಮನೆಯಲ್ಲಿ ಮಲಗಿದಾಗಿನ ಅಳತೆಗಳು ಬೇರೆ ಪುಟದಲ್ಲಿ, ಸಣ್ಣ ನಿದ್ದೆ ಅನ್ನುವ ಹೆಸರಿನಡಿ ಇದ್ದವು. ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಹೆಚ್ಚಿನವು 95, 96. ನಡುನಡುವೆ 91, 88, 93, 90. ವಾರದಲ್ಲಿ ಎರಡು ಮೂರು ದಿನ ಹೀಗಿದೆ.

ಮಗಳನ್ನು ಕೇಳಿದೆ. "ಅಮ್ಮ, ನೀನು ಅಂಗಾತ ಮಲಗಿದರೆ ಗೊರಕೆ ಹೊಡೀತೀಯ, ನೈಟ್ ಮಾಡಿ ಬಂದ ದಿನ ಜಾಸ್ತಿ" ಅಂದಳು. ಅಂಗಾತ ಮಲಗಿದರೆ ಕೈ ಮೇಲೆ ಭಾರ ಬೀಳುವುದಿಲ್ಲವಲ್ಲ. ಇದಕ್ಕೆ ಏನು ಹೇಳುತ್ತೀರಿ, ಗಿರೀಶಣ್ಣಾ?

ಗಿರೀಶ, ಪುಣೆ

ಇದನ್ನು ನಾನು ವಾಚಿನ ತಪ್ಪು ಅಂತ ತಳ್ಳಿಹಾಕುವುದಿಲ್ಲ. ನಂಬರುಗಳ ನಡತೆಯೇ ಬೇರೆ ಇದೆ. ಅಲ್ಲಿ ಎಲ್ಲ ಬಂದು 85ಕ್ಕೆ ಅಂಟಿಕೊಳ್ಳುತ್ತಿದ್ದವು. ಇಲ್ಲಿ 95ರ ಪಕ್ಕದಲ್ಲೇ 88, ಮತ್ತೆ 93. ಉಸಿರು ಕಟ್ಟಿ ಬಿಡುವವರಲ್ಲಿ ಹೀಗೆ ಇಳಿದು ಏರುವುದು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಒಂದೊಂದು ಹಲ್ಲೂ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸು. ನಿಮ್ಮ ವಾಚ್ ನೋಡುವುದು ಹದಿಮೂರು ನಿಮಿಷಕ್ಕೊಮ್ಮೆ. ಅದಕ್ಕೆ ಗರಗಸ ಕಾಣಲು ಸಾಧ್ಯವೇ ಇಲ್ಲ. ಒಮ್ಮೆ ಹಲ್ಲಿನ ತುದಿ ಸಿಗುತ್ತದೆ, ಒಮ್ಮೆ ಬುಡ ಸಿಗುತ್ತದೆ. ಇದು ಅದೇ ಅಂತ ನಾನು ಹೇಳುತ್ತಿಲ್ಲ. ಮಗ್ಗುಲಾದಾಗ ಕೈ ಅಡಿಗೆ ಬಿದ್ದೂ ಕೆಲವು ಬಂದಿರಬಹುದು. ಎರಡನ್ನೂ ಬೇರೆ ಮಾಡಲು ಈ ವಾಚಿನಿಂದ ಆಗುವುದಿಲ್ಲ.

ನಿಮ್ಮ ಆಸ್ಪತ್ರೆಯ ಎದೆರೋಗದ ಡಾಕ್ಟರನ್ನು ಕಾಣಿ. ಮನೆಗೆ ಕೊಟ್ಟು ಕಳಿಸುವ ಸ್ಲೀಪ್ ಟೆಸ್ಟ್ ಇದೆ. ಬೆರಳಿಗೆ ಪ್ರೋಬ್, ಮೂಗಿಗೆ ಸಣ್ಣ ನಳಿಗೆ, ಎದೆಗೆ ಒಂದು ಪಟ್ಟಿ, ಇಷ್ಟು ಇರುತ್ತದೆ. ನಿದ್ದೆಯುದ್ದಕ್ಕೂ ಬಿಡದೆ ದಾಖಲಿಸುತ್ತದೆ. ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು ಅಥವಾ ಕಮ್ಮಿಯಾಯಿತು ಅಂತ ಲೆಕ್ಕ ಹಾಕುತ್ತಾರೆ. ಐದರೊಳಗಿದ್ದರೆ ಚಿಂತೆ ಇಲ್ಲ. 15ರ ಮೇಲೆ ಮಧ್ಯಮ, 30 ಆದರೆ ತೀವ್ರ.

ವಸಂತಾ, ಮಡಗಾಂವ್

ನಾನು ಮೊದಲೇ ಹೇಳಿದ್ದೆ ಅಕ್ಕಾ! ನೈಟ್ ಇಲ್ಲದ ವಾರ ರಾತ್ರಿ ಮಾಡಿಸಿಕೊಳ್ಳಿ. ನಮ್ಮವರಿಗೂ ರಾತ್ರಿಯೇ ಮಾಡಿದ್ದು. ಹಗಲು ಬಾಗಿಲು ಬಡಿಯುವವರು, ಕುಕ್ಕರ್ ಸದ್ದು, ಸರಿಯಾಗಿ ನಿದ್ದೆ ಎಲ್ಲಿ ಬರುತ್ತದೆ?

ಶಾಂತಿ, ವಾಸ್ಕೋ

ನನಗೆ ಹಾಗನ್ನಿಸುವುದಿಲ್ಲ ವಸಂತಕ್ಕಾ. ಇವರಿಗೆ ನಂಬರ್ ಇಳಿಯುತ್ತಿರುವುದು ನೈಟ್ ಮಾಡಿ ಬಂದ ಹಗಲಿನಲ್ಲಿ. ರಾತ್ರಿ ಮಲಗಿದರೆ 95ರ ಮೇಲೇ ಇದೆ ಅಂತ ಮೊದಲ ಪೋಸ್ಟಿನಲ್ಲೇ ಬರೆದಿದ್ದಾರೆ. ತೊಂದರೆ ಇರುವ ಹೊತ್ತಿನಲ್ಲೇ ನೋಡಬೇಕಲ್ವಾ?

ಗಿರೀಶ, ಪುಣೆ

ನನ್ನ ಮತವೂ ಶಾಂತಿ ಸಿಸ್ಟರ್ ಕಡೆಗೇ. ನಿದ್ದೆಗೆಟ್ಟು ಬಂದು ಗಾಢವಾಗಿ ಮಲಗಿದಾಗ ಗಂಟಲಿನ ಸ್ನಾಯು ಹೆಚ್ಚು ಸಡಿಲ ಆಗಬಹುದು. ಆದರೆ ವಸಂತಕ್ಕ ಹೇಳುವುದರಲ್ಲೂ ಹುರುಳಿದೆ. ಮೂರು ಗಂಟೆಯೂ ನಿದ್ದೆ ಬರದಿದ್ದರೆ ಟೆಸ್ಟ್ ದಂಡ. ತೀರ್ಮಾನ ಡಾಕ್ಟರಿಗೆ ಬಿಡಿ. ನಿಮ್ಮ ನಿದ್ದೆಯ ಸಮಯ ಹತ್ತೂವರೆಯಿಂದ ನಾಲ್ಕು ಅಂತ ಅವರಿಗೆ ಮೊದಲೇ ಹೇಳಿ. ಹೇಳದೆ ಇದ್ದರೆ ಅವರು ರಾತ್ರಿ ಅಂತಲೇ ಬರೆಯುತ್ತಾರೆ.

ಸುಮಿತ್ರಾ, ಡೊಂಬಿವಿಲಿ (ಮುಂದಿನ ಮಂಗಳವಾರ)

ಡಾಕ್ಟರನ್ನು ಕಂಡೆ. ಮಾವಶಿ ಬರೆದ ಚೀಟಿ, ಹಗಲಿನ ನಂಬರುಗಳ ಫೋಟೋ ಎರಡನ್ನೂ ತೋರಿಸಿದೆ. ಚೀಟಿ ನೋಡಿ 85ರ ಕಥೆ ಬಿಟ್ಟುಬಿಡಿ ಅಂದರು. ಹಗಲಿನದನ್ನು ನೋಡಿ ಕತ್ತಿನ ಸುತ್ತಳತೆ ತೆಗೆದರು, ಬಾಯಿ ತೆರೆಸಿ ಗಂಟಲು ನೋಡಿದರು, ಟೆಸ್ಟ್ ಮಾಡೋಣ ಅಂದರು. ಹಗಲೇ ಮಾಡಲು ಒಪ್ಪಿದ್ದಾರೆ, ಸರಿ ಬರದಿದ್ದರೆ ಇನ್ನೊಮ್ಮೆ ರಾತ್ರಿ.

ಯಂತ್ರ ಶುಕ್ರವಾರ ಬೆಳಿಗ್ಗೆ ಹ್ಯಾಂಡೋವರ್ ಆದ ಮೇಲೆ ಕೊಡುತ್ತಾರಂತೆ. ಕೆಳಗಿನ ಮನೆಯವರಿಗೆ ಅವತ್ತು ಮಿಕ್ಸಿ ಹನ್ನೊಂದರೊಳಗೆ ಮುಗಿಸಿ ಅಂತ ಹೇಳಿ ಬಂದಿದ್ದೇನೆ. ವಾಚನ್ನೂ ಕಟ್ಟಿಕೊಂಡೇ ಮಲಗುತ್ತೇನೆ, ಬಲಗೈಗೆ. ಎರಡರ ನಂಬರೂ ಇಲ್ಲೇ ಹಾಕುತ್ತೇನೆ. ಗಿರೀಶಣ್ಣಾ, ಎರಡರ ಗಡಿಯಾರವೂ ಒಂದೇ ಸಮಯ ತೋರಿಸುವ ಹಾಗೆ ಮೊದಲೇ ಹೊಂದಿಸಬೇಕಲ್ವಾ?

ಗಿರೀಶ, ಪುಣೆ

ಹೌದು, ನಿಮಿಷಕ್ಕೆ ನಿಮಿಷ ಸರಿ ಇರಬೇಕು. ಯಂತ್ರದ ಸಮಯವನ್ನು ಕೊಡುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಶನಿವಾರ ನೋಡುತ್ತೇನೆ.